500ಕ್ಕೆ ಪುಸ್ತಕ, 1000ಕ್ಕೆ ಟೀಶರ್ಟ್: ಈ ಲೆಕ್ಕ ಎಲ್ಲಿ ಕೈ ಕೊಡ್ತದೆ?

ಪ್ರಶ್ನೆ: ಸರ್, ನಾನು ಮಲ್ಪೆಯವಳು. ನಮ್ಮ ಹಿರಿಯ ಮೀನುಗಾರರ ಅನುಭವಗಳನ್ನು ಬರೆದು, ಹಳೆ ಫೋಟೋ ಸೇರಿಸಿ 208 ಪುಟದ ಪುಸ್ತಕ ಮಾಡಿದ್ದೇನೆ. 500 ಪ್ರತಿಗೆ ಎಲ್ಲ ಸೇರಿ 1,20,000 ಖರ್ಚು ಅಂತ ಲೆಕ್ಕ ಬಂತು, ಅಷ್ಟನ್ನು ತುಂಬ ಜನರಿಂದ ಸ್ವಲ್ಪ ಸ್ವಲ್ಪ ಮೊದಲೇ ಸೇರಿಸಿ ಕ್ರೌಡ್‌ಫಂಡಿಂಗ್ ಮಾಡುವ ಅಂತ. 300ಕ್ಕೆ ಪುಸ್ತಕದಲ್ಲಿ ಹೆಸರು, 500ಕ್ಕೆ ಪುಸ್ತಕ, 1000ಕ್ಕೆ ಪುಸ್ತಕ ಮತ್ತು ಟೀಶರ್ಟ್, 2000ಕ್ಕೆ ಅದರ ಜೊತೆ ಮಗ್, 5000ಕ್ಕೆ ಫ್ರೇಮ್ ಹಾಕಿದ ಫೋಟೋ, 10,000ಕ್ಕೆ ಬೋಟಿನಲ್ಲಿ ಒಂದು ದಿನ. ಜೂನ್ 1ಕ್ಕೆ ಶುರು ಮಾಡಿ 60 ದಿನ ಇಡುವ ಅಂತ ಉಂಟು. ಸರಿ ಆಗ್ಬಹುದಾ?

ಉತ್ತರ:

ಮೊದಲು ತಾರೀಕಿಂದಲೇ ಶುರು ಮಾಡ್ತೇನೆ ಮಾರಾಯ್ರೆ, ಯಾಕಂದ್ರೆ ಜೂನ್ 1 ಅಂತ ಓದಿದ ಕೂಡ್ಲೇ ನಂಗೆ ನನ್ನದೇ ಮೊದಲನೇ ಕ್ಯಾಂಪೇನ್ ನೆನಪಾಯ್ತು. ಮಕ್ಕಳ ಚಿತ್ರದ ಪುಸ್ತಕ ಅದು, ನಾನೂ ಜೂನಲ್ಲೇ ಶುರು ಮಾಡಿದ್ದು, ನಾನೂ ಟೀಶರ್ಟ್ ಇಟ್ಟಿದ್ದೆ. ಕೊನೆಗೆ ಮನೆಯಲ್ಲಿ ಉಳಿದದ್ದು ಎಕ್ಸೆಲ್ ಸೈಜಿನ 11 ಟೀಶರ್ಟ್, ಮತ್ತೆ ಆಗಸ್ಟ್ ಮಳೆಗೆ ಒದ್ದೆಯಾಗಿ ವಾಪಸ್ ಬಂದ ಒಂದು ರಾಶಿ ಪಾರ್ಸೆಲ್. ಹಾಗಾಗಿ ನಿಮ್ಮ ಪಟ್ಟಿ ಓದುವಾಗ ನಗು ಬಂತು, ಬೇಸರ ಮಾಡ್ಬೇಡಿ.

ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಇದು ನಿಮಗೆ ನಾನು ಹೇಳಬೇಕಾಗಿಲ್ಲ. ಆದ್ರೆ ನಿಮ್ಮ 60 ದಿನ ಸರಿಯಾಗಿ ಅದರ ಮೇಲೆಯೇ ಕೂತಿದೆ. ಅಂದ್ರೆ ಈ ಪುಸ್ತಕವನ್ನು ಮೊದಲು ಕೈಗೆತ್ತಿಕೊಳ್ಳಬೇಕಾದ ಜನರ ಬೋಟು ದಡದಲ್ಲಿ ಕಟ್ಟಿಹಾಕಿದ ಹೊತ್ತಿಗೆ ನೀವು ಹೋಗಿ ದುಡ್ಡು ಕೇಳ್ತೀರಿ. ಬಂದರಲ್ಲಿ ಕೆಲಸ ಮಾಡುವವರು, ಮೀನು ಮಾರುವವರು, ಐಸ್ ಪ್ಲಾಂಟಿನವರು, ಯಾರ ಕೈಯಲ್ಲೂ ಆ ಎರಡು ತಿಂಗಳು ದುಡ್ಡು ಓಡುವುದಿಲ್ಲ. ಉಳಿದವರಿಗೆ ಜೂನ್ ಅಂದ್ರೆ ಶಾಲೆ ಫೀಸು, ಯೂನಿಫಾರ್ಮ್, ಕೊಡೆ. ಆಮೇಲೆ ಆಟಿ, ತುಳುವರಿಗೆ ಕೈ ಖಾಲಿಯ ಮಳೆಗಾಲದ ತಿಂಗಳು.

ಸರಿ, ಆಗಸ್ಟ್ ಮೇಲೆ ಮಾಡುವ ಅಂದ್ರೆ ಅಷ್ಟಮಿ, ಚೌತಿ, ದಸರಾ ಅಂತ ಒಂದರ ಹಿಂದೆ ಒಂದು ರಶೀದಿ ಪುಸ್ತಕ ಮನೆ ಬಾಗಿಲಿಗೆ ಬರ್ತದೆ. ಜನವರಿಯಿಂದ ಮೇ ತನಕ ಬ್ರಹ್ಮಕಲಶ, ನೇಮ, ಜಾತ್ರೆ, ಮದುವೆ. ನಮ್ಮವರು ಕೊಡುವುದರಲ್ಲಿ ಹಿಂದೆ ಬೀಳುವವರಲ್ಲ, ಆದ್ರೆ ದೈವಕ್ಕೆ ಮತ್ತೆ ದೇವಸ್ಥಾನಕ್ಕೆ ಕೊಟ್ಟು ಮುಗಿದ ಮೇಲೆ ಪುಸ್ತಕದ ಸರದಿ. ಹಾಗಾಗಿ ಎಲ್ಲ ಬದಿಗಿಟ್ಟು ನೋಡಿದ್ರೆ ಉಳಿಯುವುದು ದೀಪಾವಳಿ ಕಳೆದ ಮೇಲೆ ಡಿಸೆಂಬರ್ ನಡುವಿನ ತನಕದ ಒಂದು ಕಿಂಡಿ ಮಾತ್ರ. ಅದರಲ್ಲೂ ಒಂದು ತೊಂದರೆ ಉಂಟು, ನವೆಂಬರ್ ರಾಜ್ಯೋತ್ಸವದ ತಿಂಗಳು ಅಂತ ಪ್ರಕಾಶಕರು ರಿಯಾಯ್ತಿ ಇಡ್ತಾರೆ, ನಿಮ್ಮ ಪುಸ್ತಕ ಅಲ್ಲಿ ಪೂರ್ತಿ ಬೆಲೆಗೆ ಕೂರ್ತದೆ. ಆದ್ರೂ ಅದೇ ತಿಂಗಳು ಕನ್ನಡ ಪುಸ್ತಕದ ಮಾತು ಎಲ್ಲರ ಬಾಯಲ್ಲಿ ಇರ್ತದೆ ಅಲ್ವಾ, ನಾನಾದ್ರೆ ಅದನ್ನೇ ಆರಿಸ್ತೇನೆ.

ಇನ್ನು ಎಷ್ಟು ದಿನ. ಅಮೆರಿಕದ ಕ್ರೌಡ್‌ಫಂಡಿಂಗ್ ಪ್ಲಾಟ್‌ಫಾರ್ಮ್ ಕಿಕ್‌ಸ್ಟಾರ್ಟರ್ 60 ದಿನದವರೆಗೆ ಇಡಲು ಬಿಡ್ತದೆ, ಆದ್ರೆ ಅವರೇ 30 ದಿನ ಅಥವಾ ಅದಕ್ಕಿಂತ ಕಡಿಮೆ ಇಡಿ ಅಂತ ಹೇಳ್ತಾರೆ (ಭಾರತದಲ್ಲಿ ಕೂತು ಅದರಲ್ಲಿ ಪ್ರಾಜೆಕ್ಟ್ ಹಾಕ್ಲಿಕ್ಕೆ ಆಗುವುದಿಲ್ಲ, ಅದು ಬೇರೆ ಮಾತು). ಕಾರಣ ಸುಲಭ. ದುಡ್ಡು ಬರುವುದು ಶುರುವಿನ ನಾಲ್ಕೈದು ದಿನ, ಮತ್ತೆ ಕೊನೆಯ ನಾಲ್ಕೈದು ದಿನ. ನಡುವಿನದ್ದೆಲ್ಲ ಮಧ್ಯಾಹ್ನದ ಮೀನು ಮಾರ್ಕೆಟ್ ಹಾಗೆ, ಜನ ಇಲ್ಲ. 60 ದಿನ ಇಟ್ಟರೆ ಆ ಖಾಲಿ ನಡು ಇನ್ನೂ ಉದ್ದ ಆಗ್ತದೆಯೇ ಹೊರತು ದುಡ್ಡು ಹೆಚ್ಚಾಗುವುದಿಲ್ಲ, "ಇನ್ನೂ ಟೈಮ್ ಉಂಟಲ್ಲ" ಅಂತ ಹೇಳಿದವರು ಆಮೇಲೆ ಮರೆತೇ ಬಿಡ್ತಾರೆ. ನಾನು ಮಾಡುವುದು ಏನಂದ್ರೆ ಒಂದು ತಿಂಗಳ 2ನೇ ತಾರೀಕಿಗೆ ತೆರೆದು ಮುಂದಿನ ತಿಂಗಳ 5ಕ್ಕೆ ಮುಚ್ಚುವುದು. 33-34 ದಿನ ಆಗ್ತದೆ, ಎರಡು ಸಂಬಳ ಒಳಗೆ ಬರ್ತದೆ, ಮೊದಲ ಭರಾಟೆಗೆ ಒಂದು ಸಂಬಳ, ಕೊನೆಯ ಭರಾಟೆಗೆ ಇನ್ನೊಂದು. 15ಕ್ಕೆ ತೆರೆದು 15ಕ್ಕೆ ಮುಚ್ಚುವವರನ್ನು ನೋಡಿದ್ದೇನೆ, ಎರಡು ತುದಿಯೂ ಕಿಸೆ ಖಾಲಿಯಾದ ಹೊತ್ತಿಗೇ ಬಿತ್ತು. ಒಂದು ವೇಳೆ ದೀಪಾವಳಿ ತಡ ಆಗಿ ನವೆಂಬರಲ್ಲೇ ಬಂದ್ರೆ 2ನೇ ತಾರೀಕಿಗೆ ಹಟ ಹಿಡಿಯಬೇಡಿ, ಹಬ್ಬ ಮುಗಿದ ನಾಲ್ಕು ದಿನಕ್ಕೆ ತೆರೆದು ಡಿಸೆಂಬರ್ 7-8ಕ್ಕೆ ಮುಚ್ಚಿ.

ಈಗ ನಿಮ್ಮ ರಿವಾರ್ಡ್ ಪಟ್ಟಿಗೆ ಬರುವ. ಜನ ಎಂತ ಮಾಡ್ತಾರೆ ಅಂದ್ರೆ ಪ್ರತಿ ಟಿಯರ್‌ಗೆ, ಅಂದ್ರೆ 500, 1000 ಅಂತ ಇಟ್ಟ ಒಂದೊಂದು ಮೆಟ್ಟಿಲಿಗೆ, ಬಂದ ದುಡ್ಡನ್ನು ನೋಡ್ತಾರೆ, ಉಳಿದ ದುಡ್ಡನ್ನು ನೋಡುವುದಿಲ್ಲ. ನಿಮ್ಮ ಮುದ್ರಣದ ಖರ್ಚು ಹೇಗೂ 1,20,000ದಲ್ಲಿ ಸೇರಿದೆ, ಹಾಗಾಗಿ ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕಳೆಯುವ. ಪ್ಲಾಟ್‌ಫಾರ್ಮಿನ ಕಮಿಷನ್, ಪೇಮೆಂಟ್ ಚಾರ್ಜು, ಅದರ ಮೇಲಿನ ಜಿಎಸ್‌ಟಿ ಎಲ್ಲ ಸೇರಿ ನೂರಕ್ಕೆ 10 ಅಂತ ಇಟ್ಟುಕೊಳ್ಳಿ. ಪುಸ್ತಕ ಕಳಿಸುವ ಪ್ಯಾಕಿಂಗ್ ಮತ್ತು ಪೋಸ್ಟ್ 70 ಅಂತ ಇಡುವ. 500ರ ಟಿಯರಲ್ಲಿ 50 ಕಮಿಷನ್ ಹೋಯ್ತು, 70 ಪೋಸ್ಟ್ ಹೋಯ್ತು, 380 ಉಳಿಯಿತು. ಇದು ಒಳ್ಳೆಯ ಟಿಯರ್.

1000ದ್ದು ನೋಡಿ. 100 ಕಮಿಷನ್. ಟೀಶರ್ಟ್ ಸ್ವಲ್ಪವೇ ಮಾಡಿಸುವಾಗ 280ಕ್ಕಿಂತ ಕಡಿಮೆಗೆ ಒಳ್ಳೆಯದ್ದು ಸಿಗುವುದು ಕಷ್ಟ. ಬಟ್ಟೆ ಸೇರಿದ ಕೂಡ್ಲೇ ಪೊಟ್ಟಣ ಪುಸ್ತಕದ ದರಕ್ಕೆ ಹೋಗುವುದಿಲ್ಲ, ಸಾದಾ ಪಾರ್ಸೆಲ್ ಆಗ್ತದೆ, 110 ಅಂತ ಇಡಿ. ಉಳಿದದ್ದು 510. ಅಂದ್ರೆ ನೀವು ಒಬ್ಬರ ಹತ್ರ ಎರಡರಷ್ಟು ಕೇಳಿದ್ರಿ, ನಿಮಗೆ ಸಿಕ್ಕಿದ್ದು 130 ರೂಪಾಯಿ ಹೆಚ್ಚು. ಆ 130ಕ್ಕೋಸ್ಕರ ನೀವು ಸೈಜ್ ಕೇಳಿ, ಪ್ರಿಂಟ್ ಮಾಡಿಸಿ, ಮೀಡಿಯಂ ಬದಲು ಲಾರ್ಜ್ ಬೇಕಿತ್ತು ಅಂತ ಹೇಳುವವರನ್ನು ಸಮಾಧಾನ ಮಾಡಬೇಕು. ಮಗ್ ಅಂತೂ ಕೇಳುವುದೇ ಬೇಡ, ಥರ್ಮಾಕೋಲ್ ಡಬ್ಬಿ ಬೇಕು, ಅದರ ಮೇಲೆ ಒಡೆದು ಹೋದದ್ದಕ್ಕೆ ಇನ್ನೊಂದು ಕಳಿಸಬೇಕು.

ಬದಲಿಗೆ 1000ಕ್ಕೆ ಎರಡು ಪುಸ್ತಕ ಇಡಿ. ಒಂದು ಅವರಿಗೆ, ಇನ್ನೊಂದು ಅವರು ಕಲಿತ ಶಾಲೆಯ ಲೈಬ್ರರಿಗೆ, ಒಳಗೆ ಅವರ ಹೆಸರಿನ ಒಂದು ಚೀಟಿ ಅಂಟಿಸಿ. ನಮ್ಮ ಜಿಲ್ಲೆಯವರಿಗೆ ತಾವು ಕಲಿತ ಶಾಲೆ ಅಂದ್ರೆ ಎಂತ ಅಂತ ಹಳೆ ವಿದ್ಯಾರ್ಥಿ ಸಂಘದ ಒಂದು ಮೀಟಿಂಗಿಗೆ ಹೋದವರಿಗೆ ಗೊತ್ತುಂಟು. ಮುಂಬೈ, ದುಬೈ, ಬೆಂಗಳೂರಲ್ಲಿ ಇರುವವರು ಇದನ್ನು ಬಿಡುವುದೇ ಇಲ್ಲ. ನಿಮಗೆ ಲೆಕ್ಕ: 1000ದಲ್ಲಿ 100 ಕಮಿಷನ್, 70 ಪೋಸ್ಟ್, ಶಾಲೆಯ ಪ್ರತಿಗಳನ್ನು ನೀವೇ ಒಂದು ದಿನ ಸ್ಕೂಟರಲ್ಲಿ ಹಂಚಿದ್ರೆ ಆಯ್ತು, 830 ಉಳಿಯಿತು. ಟೀಶರ್ಟಿನ 510 ಎಲ್ಲಿ, ಇದು ಎಲ್ಲಿ.

5000ದ ಫ್ರೇಮ್ ಫೋಟೋ ಕೂಡ ಬೇಡ, ಗಾಜು ಪೋಸ್ಟಲ್ಲಿ ಹೋಗುವ ವಸ್ತುವೇ ಅಲ್ಲ. ಅದೇ ಹಳೆ ಫೋಟೋವನ್ನು ಎ4 ಸೈಜಲ್ಲಿ ಒಳ್ಳೆಯ ಕಾಗದಕ್ಕೆ ಪ್ರಿಂಟ್ ಹಾಕಿ, ಕೆಳಗೆ ಫೋಟೋ ಯಾವ ವರ್ಷದ್ದು, ದೋಣಿ ಯಾರದ್ದು ಅಂತ ಕೈಯಲ್ಲಿ ಬರೆದು ಸಹಿ ಹಾಕಿ, ಎರಡು ರಟ್ಟಿನ ಮಧ್ಯೆ ಇಟ್ಟು ಕಳಿಸಿ. ಪುಸ್ತಕವೂ ಸೇರಿ ಬೆಲೆ 2500, ಒಟ್ಟು 30 ಮಾತ್ರ ಅಂತ ಹೇಳಿ, ಮತ್ತೆ ನಿಜವಾಗಿಯೂ 30ಕ್ಕೇ ನಿಲ್ಲಿಸಿ. ಫೋಟೋ ಕೊಟ್ಟ ಮನೆಯವರ ಹತ್ರ ಪುಸ್ತಕಕ್ಕೆ ಮಾತ್ರ ಒಪ್ಪಿಗೆ ತಗೊಂಡಿದ್ರೆ ಇದಕ್ಕೆ ಇನ್ನೊಮ್ಮೆ ಕೇಳಬೇಕು, ಅದು ಮರೆಯಬೇಡಿ.

ಬೋಟಿನ ಒಂದು ದಿನದ ಆಲೋಚನೆ ಕೇಳ್ಲಿಕ್ಕೆ ಚಂದ, ಆದ್ರೆ ಸಮುದ್ರಕ್ಕೆ ಹೊರಗಿನವರನ್ನು ಕರ್ಕೊಂಡು ಹೋಗಿ ಏನಾದ್ರೂ ಆದ್ರೆ ಯಾರು ಹೊಣೆ? ಅದನ್ನು ತೆಗೆದುಬಿಡಿ. 10,000ಕ್ಕೆ 20 ಪ್ರತಿ ಮತ್ತು ನಿಮ್ಮದೊಂದು ಗಂಟೆಯ ಮಾತು, ಫೋಟೋ ತೋರಿಸಿಕೊಂಡು. ಇದನ್ನು ತಗೊಳ್ಳುವವರು ಒಬ್ಬೊಬ್ಬರಲ್ಲ, ಸಂಸ್ಥೆಗಳು: ಸಹಕಾರಿ ಸಂಘ, ರೋಟರಿ, ಯುವಕ ಮಂಡಲ, ಮಹಿಳಾ ಮಂಡಲ. ಅವರಿಗೆ ಕಾರ್ಯಕ್ರಮ ಬೇಕು, ಅತಿಥಿಗೆ ಕೊಡ್ಲಿಕ್ಕೆ ಶಾಲು-ಹಾರದ ಬದಲು ಪುಸ್ತಕ ಬೇಕು. ಇಂಥವರು ಮೂರು ಜನ ಸಿಕ್ಕಿದ್ರೆ ನಿಮ್ಮ ಭಾರ ಎಷ್ಟೋ ಇಳಿಯಿತು, ಆದ್ರೆ ಅವರ ಕಮಿಟಿ ಮೀಟಿಂಗ್ ತಿಂಗಳಿಗೆ ಒಮ್ಮೆ, ಹಾಗಾಗಿ ಕ್ಯಾಂಪೇನ್ ಶುರುವಾಗುವುದಕ್ಕೆ ಎರಡು ತಿಂಗಳ ಮುಂಚೆ ಮಾತಾಡಿ ಇಡಬೇಕು.

"ಮೊದಲು ಬಂದ 50 ಜನಕ್ಕೆ 400ಕ್ಕೆ" ಅಂತ ರಿಯಾಯ್ತಿ ಇಡುವ ಆಸೆ ಬಂದ್ರೆ ತಡೆದುಕೊಳ್ಳಿ. ಮೊದಲ ಎರಡು ದಿನ ಬರುವವರು ನಿಮ್ಮ ಚಿಕ್ಕಮ್ಮ, ಮಾವ, ಕ್ಲಾಸ್‌ಮೇಟ್. ಅವರು 500 ಅಲ್ಲ 1000ವೂ ಕೊಡ್ತಾರೆ. ಅವರಿಗೆ ರಿಯಾಯ್ತಿ ಕೊಟ್ಟು ನೀವು ಕಳಕೊಳ್ಳುವುದು ಯಾಕೆ?

ಈಗ ಗುರಿ ಎಷ್ಟು ಇಡಬೇಕು ಅಂತ. 1,20,000 ಇಟ್ಟು 1,20,000 ಬಂದ್ರೆ ನೀವು ಕೈಯಿಂದ ಹಾಕ್ತೀರಿ, ಇದನ್ನು ಸರಿಯಾಗಿ ಕೇಳಿ. ಸುಮಾರು 150 ಪೊಟ್ಟಣಕ್ಕೆ 70ರ ಹಾಗೆ 10,500. ಫೋಟೋ ಪ್ರಿಂಟು, ರಟ್ಟು ಎಲ್ಲ 4,000. ಕಾಗದದ ರೇಟ್ ಏರಿದ್ರೆ, ಪೊಟ್ಟಣ ಕಳೆದು ಹೋದ್ರೆ ಅಂತ 8,000. ಒಟ್ಟು 1,42,500. ಇದು ಕಮಿಷನ್ ಹೋದ ಮೇಲೆ ಕೈಗೆ ಸಿಗಬೇಕಾದ ದುಡ್ಡು, ಹಾಗಾಗಿ 0.9ರಿಂದ ಭಾಗಿಸಿ, 1,58,000 ಚಿಲ್ಲರೆ ಬರ್ತದೆ. ಗುರಿ 1,60,000 ಅಂತ ಬರೆಯಿರಿ. ತುಂಬ ಜನ ಇಲ್ಲಿ 10% ಕೂಡಿಸ್ತಾರೆ, ಕೂಡಿಸುವುದಲ್ಲ, ಭಾಗಿಸುವುದು.

ಅದು ತುಂಬುವುದು ಹೇಗೆ? 300ಕ್ಕೆ ಹೆಸರು ಮಾತ್ರ ಅಂತ 20 ಜನ, 500ರದ್ದು 90, 1000ದ್ದು 45, 2500ರದ್ದು 14, 10,000ದ್ದು 3. ಕೂಡಿಸಿ ನೋಡಿ, 1,61,000. ಜನ 172. ಪುಸ್ತಕ ಹೋಗುವುದು 254, ಉಳಿದ 246 ನಿಮ್ಮ ಕೈಯಲ್ಲಿ ಆಮೇಲೆ ಮಾರ್ಲಿಕ್ಕೆ, ಅದೇ ನಿಮ್ಮ ಲಾಭ. ಈ ಟೇಬಲ್ ನಂಬಿಕೆಯಿಂದ ಹಾಕಿದ್ದಲ್ಲ, ಇದನ್ನು ಎದುರು ಇಟ್ಟುಕೊಂಡು ಹೆಸರು ಬರೆಯಬೇಕು. ಮದುವೆ ಕಾಗದ ಹಂಚ್ಲಿಕ್ಕೆ ಊರೂರಿನ ಪಟ್ಟಿ ಮಾಡ್ತೇವಲ್ಲ, ಹಾಗೆಯೇ. ನನ್ನ ಅನುಭವದಲ್ಲಿ ಫೋನ್ ಮಾಡಿಯೋ ಒಬ್ಬೊಬ್ಬರಿಗೇ ಮೆಸೇಜ್ ಹಾಕಿಯೋ ಕೇಳಿದ್ರೆ ನಾಲ್ಕರಲ್ಲಿ ಒಬ್ಬರು ಕೊಡ್ತಾರೆ, ಗ್ರೂಪಿಗೆ ಫಾರ್ವರ್ಡ್ ಮಾಡಿದ್ರೆ ನೂರರಲ್ಲಿ ಒಬ್ಬರೂ ಕೊಡುವುದು ಕಷ್ಟ, ಥಂಬ್ಸ್‌ಅಪ್ ಮಾತ್ರ ಬರ್ತದೆ. ಅಂದ್ರೆ 172ಕ್ಕೆ 700 ಹೆಸರು ಬೇಕು. ಪಟ್ಟಿ 300ಕ್ಕೇ ನಿಂತರೆ ಪ್ರತಿ 500 ಬೇಡ, 250 ಮಾಡಿಸಿ, ಗುರಿ ಇಳಿಸಿ. ಪ್ರತಿ ಅರ್ಧ ಆದ್ರೆ ಪ್ರೆಸ್ಸಿನ ಬಿಲ್ ಅರ್ಧ ಆಗುವುದಿಲ್ಲ, ಅದನ್ನೂ ಕೇಳಿ ತಿಳ್ಕೊಂಡೇ ಇಳಿಸಿ.

ಪಟ್ಟಿಯಲ್ಲಿ ತುಂಬ ಹತ್ತಿರದ 50-60 ಜನರ ಹತ್ರ ಮೊದಲೇ ಹೇಳಿ ಇಡಿ, "ತೆರೆದ ದಿನವೇ ಹಾಕಿ, ಮರುದಿನ ಅಲ್ಲ" ಅಂತ. ಮೊದಲ ಮೂರು ದಿನದಲ್ಲಿ ಮೂರರಲ್ಲಿ ಒಂದು ಪಾಲು, ಅಂದ್ರೆ 50,000 ಹತ್ತಿರ ಕಾಣಬೇಕು. ಖಾಲಿ ಹೋಟೆಲಿಗೆ ಯಾರೂ ಊಟಕ್ಕೆ ಹೋಗುವುದಿಲ್ಲ. ಒಂದು ವಾರ ಕಳೆದೂ 20%ಗಿಂತ ಕೆಳಗೆ ಇದ್ದರೆ ಅದು ಅಪಾಯದ ಗುರುತು, ಆಗ ಪೋಸ್ಟರ್ ಬದಲಾಯಿಸ್ತಾ ಕೂರಬೇಡಿ, ಫೋನ್ ತಗೊಂಡು ಪಟ್ಟಿಯಲ್ಲಿ ಕರೆ ಮಾಡದೆ ಬಿಟ್ಟವರಿಗೆ ಮಾಡಿ. ನಡುವಿನ ಖಾಲಿ ದಿನಗಳಲ್ಲಿ "ದಯವಿಟ್ಟು ಸಹಕರಿಸಿ" ಅಂತ ಹಾಕುವುದಕ್ಕಿಂತ ವಾರಕ್ಕೆ ಎರಡು ಹಳೆ ಫೋಟೋ ಮತ್ತು ಅದರ ಹಿಂದಿನ ನಾಲ್ಕು ಸಾಲು ಹಾಕಿ, ಲಿಂಕ್ ಕೆಳಗೆ ಇರಲಿ ಸಾಕು.

ಗುರಿ ಮುಟ್ಟಿದ್ರೆ ಮಾತ್ರ ದುಡ್ಡು, ಇಲ್ಲದಿದ್ರೆ ಎಲ್ಲರಿಗೂ ವಾಪಸ್, ಅಂತ ಒಂದು ರೀತಿ ಉಂಟು. ಬಂದಷ್ಟು ಇಟ್ಟುಕೊಳ್ಳುವುದು ಇನ್ನೊಂದು. ನಿಮ್ಮಂಥ ಪುಸ್ತಕಕ್ಕೆ ಮೊದಲನೆಯದ್ದೇ ಕ್ಷೇಮ, ಯಾಕಂದ್ರೆ 70,000 ಮಾತ್ರ ಬಂದು ನಿಂತರೂ ಎರಡನೆಯ ರೀತಿಯಲ್ಲಿ ನೀವು ಅಷ್ಟೂ ಜನಕ್ಕೆ ಪುಸ್ತಕ ಕೊಡಬೇಕು, ಪ್ರೆಸ್ಸಿನವರು ಅರ್ಧ ದುಡ್ಡಿಗೆ ಪೂರ್ತಿ ಪುಸ್ತಕ ಹಾಕುವುದಿಲ್ಲ. ಇಲ್ಲಿಯ ದೊಡ್ಡ ಪ್ಲಾಟ್‌ಫಾರ್ಮುಗಳು, ಕೆಟ್ಟೋ, ಮಿಲಾಪ್ ತರದ್ದು, ಹೆಚ್ಚಾಗಿ ಚಿಕಿತ್ಸೆಯ ಖರ್ಚಿನವು, ಅಲ್ಲಿ ಪುಸ್ತಕ ಸ್ವಲ್ಪ ಮೂಲೆಗೆ ಬೀಳ್ತದೆ. 172 ಜನ ಅಷ್ಟೇ ಅಂದ್ರೆ ಬೇರೆ ಒಂದು ಬ್ಯಾಂಕ್ ಖಾತೆ, ಯುಪಿಐ ಕ್ಯೂಆರ್, ಒಂದು ಗೂಗಲ್ ಫಾರ್ಮ್ ಇಟ್ಟು ನೀವೇ ಮಾಡ್ಬಹುದು, ಆ 10% ಉಳಿಯುತ್ತದೆ, ಗುರಿ 1,42,500ಕ್ಕೆ ಇಳಿಯುತ್ತದೆ. ಆದ್ರೆ ದಿನಾ ರಾತ್ರಿ ಒಂದೊಂದು ಪೇಮೆಂಟಿನ ಗುರುತಿನ ಯುಟಿಆರ್ ನಂಬರ್ ನೋಡಿ ಯಾರು ಹಾಕಿದ್ದು ಅಂತ ತಾಳೆ ಹಾಕುವ ತಾಳ್ಮೆ ಬೇಕು, ಆಗದಿದ್ರೆ ವಾಪಸ್ ಕೊಡ್ತೇನೆ ಅಂತ ತಾರೀಕು ಸಮೇತ ಮೊದಲೇ ಬರೆದು ಹಾಕಬೇಕು. ಇನ್ನೊಂದು, ಏನೂ ವಾಪಸ್ ಇಲ್ಲದೆ ಸುಮ್ಮನೆ ಕೊಟ್ಟ ದುಡ್ಡು ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿದ್ರೆ ತೆರಿಗೆಗೆ ಬರ್ತದೆ, ಪುಸ್ತಕಕ್ಕೆ ಬಂದದ್ದು ಮಾರಾಟ ಅಂತ ಲೆಕ್ಕ. ಎರಡನ್ನೂ ಬೇರೆ ಬೇರೆ ಬರೆದಿಟ್ಟು ಒಮ್ಮೆ ಸಿಎ ಹತ್ರ ತೋರಿಸಿ.

ಯಾರಾದ್ರೂ "ಲಾಭದಲ್ಲಿ ಪಾಲು ಕೊಡ್ತೇನೆ ಅಂತ ಹೇಳು, ಲೂಸಿಯಾ ಸಿನಿಮಾಕ್ಕೆ ಹಾಗೇ ಮಾಡಿದ್ದಲ್ವಾ" ಅಂತ ಹೇಳಿದ್ರೆ ತಲೆ ಕೆಡಿಸ್ಕೊಳ್ಳಬೇಡಿ. 2013ರಲ್ಲಿ ತೆರೆಗೆ ಬಂದ ಆ ಸಿನಿಮಾಕ್ಕೆ ದುಡ್ಡು ಹಾಕಿದ್ದು 110 ಜನ, ಸೇರಿದ್ದು 51 ಲಕ್ಷ. ಒಬ್ಬರಿಗೆ ಸರಾಸರಿ 46,000 ಆಯ್ತು, ಅದು ಹೂಡಿಕೆ. 500 ರೂಪಾಯಿಗೆ ಪಾಲು ಬರೆದುಕೊಟ್ಟರೆ ಕಾನೂನಿನ ತಲೆನೋವು ಬೇರೆ, ವರ್ಷ ವರ್ಷ 172 ಜನಕ್ಕೆ ಲೆಕ್ಕ ಒಪ್ಪಿಸುವ ಕರ್ಮ ಬೇರೆ.

ಪೋಸ್ಟಿನ ವಿಷಯ ಕೊನೆಗೆ ಇಟ್ಟಿದ್ದೇನೆ ಆದ್ರೆ ಹೆಚ್ಚಿನವರು ಸೋಲುವುದು ಇಲ್ಲೇ. ಹಳಬರು ಯಾರಾದ್ರೂ "ಬುಕ್ ಪೋಸ್ಟಲ್ಲಿ ಕಳಿಸು, ಅಗ್ಗ" ಅಂತ ಹೇಳಿದ್ರೆ ಆ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಲ್ಲಿ ನಿಂತು ಹೋಯ್ತು. ಆಮೇಲೆ 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಜ್ಞಾನ್ ಪೋಸ್ಟ್ ಅಂತ ಶುರು ಮಾಡಿದ್ದು, 300 ಗ್ರಾಂ ತನಕ 20 ರೂಪಾಯಿಯಿಂದ ಶುರುವಾಗಿ 5 ಕೆಜಿಗೆ 100, ಅಂತ ಆಗ ಇಟ್ಟ ದರ. ಕಳಿಸುವ ಮುಂಚೆ ಕೌಂಟರಲ್ಲಿ ಈಗಿನ ದರ ಕೇಳಿ. ಪುಸ್ತಕದಲ್ಲಿ ಪ್ರಕಾಶಕರದ್ದೋ ಮುದ್ರಕರದ್ದೋ ಹೆಸರು ಅಚ್ಚಾಗಿರಬೇಕು, ಜಾಹೀರಾತು ಇರುವ ಪುಸ್ತಕ ಅದರಲ್ಲಿ ಹೋಗುವುದಿಲ್ಲ. ಇದು ಯಾಕೆ ಹೇಳಿದ್ದು ಅಂದ್ರೆ ನಮ್ಮಲ್ಲಿ ಸ್ಮರಣ ಸಂಚಿಕೆಯ ಅಭ್ಯಾಸ, ಕೊನೆಯಲ್ಲಿ ನಾಲ್ಕು ಪುಟ "ಶುಭ ಕೋರುವವರು" ಅಂತ ಜ್ಯುವೆಲ್ಲರ್ಸ್, ಹಾರ್ಡ್‌ವೇರ್ ಅಂಗಡಿ ಹಾಕಿಬಿಡ್ತೇವೆ. ಆ ನಾಲ್ಕು ಪುಟದ ದುಡ್ಡಿಗೆ ಆಸೆಪಟ್ಟು ಅಗ್ಗದ ಪೋಸ್ಟ್ ಕಳಕೊಳ್ಳಬೇಡಿ. ನಾನು 70 ಅಂತ ಇಟ್ಟದ್ದು ಕೆಲವು ಸ್ಪೀಡ್ ಪೋಸ್ಟಲ್ಲಿ ಹೋಗಬೇಕಾಗಿ ಬರ್ತದೆ ಅಂತ.

ದುಬೈ, ಮಸ್ಕತ್, ಕುವೈಟಲ್ಲಿ ಇರುವವರಿಗೆ ಅಲ್ಲಿಗೇ ಕಳಿಸ್ತೇನೆ ಅಂತ ಮಾತು ಕೊಡಬೇಡಿ, ಪೋಸ್ಟು ಪುಸ್ತಕವನ್ನೇ ನುಂಗ್ತದೆ. ಫಾರ್ಮಲ್ಲಿ "ಊರಿನ ಮನೆಯ ವಿಳಾಸ" ಅಂತ ಒಂದು ಜಾಗ ಇಡಿ, ರಜೆಗೆ ಬಂದಾಗ ಅವರು ತಗೊಳ್ತಾರೆ, ಅಷ್ಟರೊಳಗೆ ಮನೆಯವರು ಓದಿಯೂ ಆಗಿರ್ತದೆ. ಅದೇ ಫಾರ್ಮಲ್ಲಿ ಪುಸ್ತಕದಲ್ಲಿ ಅಚ್ಚಾಗುವ ಹೆಸರನ್ನು ಕನ್ನಡದಲ್ಲೇ ಟೈಪ್ ಮಾಡಿ ಅಂತ ಕೇಳಿ. ಇಂಗ್ಲಿಷಲ್ಲಿ ಬರೆದ ಹೆಸರನ್ನು ನೀವು ಕನ್ನಡಕ್ಕೆ ತಂದ್ರೆ ವಸಂತ ಹೋಗಿ ವಸಂತಾ ಆಗ್ತದೆ, ಅಚ್ಚಾದ ಮೇಲೆ ತಿದ್ದಲು ಆಗುವುದಿಲ್ಲ, 300 ಕೊಟ್ಟವರಿಗೆ ಸಿಗುವುದೇ ಆ ಹೆಸರು ಒಂದು.

ಕ್ಯಾಂಪೇನ್ ತೆರೆಯುವ ಮುಂಚೆ ಕೊನೆಯ ಪ್ರೂಫ್ ಮುಗಿದಿರಬೇಕು, ಹೆಸರಿನ ಪುಟ ಮಾತ್ರ ಬಾಕಿ. ಡಿಸೆಂಬರಲ್ಲಿ ಪ್ರೆಸ್ಸುಗಳು ಕ್ಯಾಲೆಂಡರ್, ಡೈರಿಯಲ್ಲಿ ಮುಳುಗಿರ್ತವೆ, ನಿಮ್ಮದು ಜನವರಿಯಲ್ಲಿ ಅಚ್ಚಿಗೆ ಹೋಗ್ತದೆ, ಫೆಬ್ರವರಿಗೆ ಕೈಗೆ ಬರ್ತದೆ. ಜನರಿಗೆ ಮಾರ್ಚ್ ಕೊನೆ ಅಂತ ಹೇಳಿ. ಏನೇ ತಡ ಆದ್ರೂ ಮೇ ಮುಗಿಯುವುದರೊಳಗೆ ಕೊನೆಯ ಪೊಟ್ಟಣ ಹೋಗಿರಬೇಕು, ಮಳೆ ಬಿದ್ದ ಮೇಲೆ ನಮ್ಮ ಊರಲ್ಲಿ ಕಟ್ಟಿಟ್ಟ ಪುಸ್ತಕಕ್ಕೆ ಬೂಷ್ಟು ಹಿಡಿಯಲು ಎರಡು ವಾರ ಸಾಕು.

ಈ ವಾರ ಒಂದು ಕೆಲಸ ಮಾಡಿ. ಪ್ರೆಸ್ಸಿನವರ ಹತ್ರ ನಿಮ್ಮ ಪುಸ್ತಕಕ್ಕೆ ಹಾಕುವ ಅದೇ ಕಾಗದದಲ್ಲಿ 208 ಪುಟದ ಖಾಲಿ ಡಮ್ಮಿ ಒಂದು ಕಟ್ಟಿಸಿ, ಕವರ್ ಸಮೇತ. ಡೆಮಿ 1/8 ಸೈಜು, 70 ಜಿಎಸ್‌ಎಂ ದಪ್ಪದ ಕಾಗದ ಆದ್ರೆ ನನ್ನ ಲೆಕ್ಕದಲ್ಲಿ 240-260 ಗ್ರಾಂ ಬರಬೇಕು, ಫೋಟೋಗೆ ಆರ್ಟ್ ಪೇಪರ್ ಹಾಕಿದ್ರೆ ಇನ್ನೂ ಸ್ವಲ್ಪ ಏರ್ತದೆ. ಅದನ್ನು ಕಳಿಸುವ ಹಾಗೆಯೇ ಪ್ಲಾಸ್ಟಿಕ್ ಕವರ್, ರಟ್ಟು ಎಲ್ಲ ಹಾಕಿ ಪ್ಯಾಕ್ ಮಾಡಿ ಮಲ್ಪೆ ಪೋಸ್ಟ್ ಆಫೀಸಿನ ತಕ್ಕಡಿಯಲ್ಲಿ ಇಟ್ಟು ನೋಡಿ. 300 ದಾಟಿದ್ರೆ ಹೇಳಿ, ಒಂದು ಫಾರಂ, ಅಂದ್ರೆ 16 ಪುಟ ಕಡಿಮೆ ಮಾಡ್ಲಿಕ್ಕೆ ಆಗ್ತದಾ ಅಂತ ನಾನೂ ಕೂತು ನೋಡ್ತೇನೆ.